ನಾಲ್ಕನೇ ಚಿತ್ರ

ಏಳು ಪಾಯಿಂಟ್ ಒಂದು. ಲ್ಯಾಬಿನಿಂದ ಬಂದ ಚೀಟಿಯನ್ನು ಡಾಕ್ಟರ್ ಸುಶೀಲಕುಮಾರ ಎರಡು ಸಲ ಓದಿದರು, ಆದರೂ ನಂಬಲಿಲ್ಲ. "ಸೂಜಿ ಚುಚ್ಚುವಾಗ ರಕ್ತಕಣ ಒಡೆದು ಅಂಕಿ ಏರಿರಬೇಕು. ಇನ್ನೊಂದು ಸಲ ತೆಗೀರಿ" ಅಂದರು. ನರ್ಸ್ ಕುಬರಾ ಇನ್ನೊಂದು ಕೈಯಿಂದ ನಿಧಾನವಾಗಿ ತೆಗೆದಳು. ಅರ್ಧ ಗಂಟೆಯ ಮೇಲೆ ಎರಡನೇ ಚೀಟಿ ಬಂತು. ಏಳು ಪಾಯಿಂಟ್ ಎರಡು.

ಅದು ಪೊಟ್ಯಾಸಿಯಂ ಅಂಕಿ. ನಮ್ಮ ನಿಮ್ಮ ರಕ್ತದಲ್ಲಿ ಅದು ಐದರೊಳಗೆ ನಿಲ್ಲುತ್ತದೆ. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಒಳಗೇ ಕೂಡುತ್ತಾ ಹೋಗುತ್ತದೆ, ಏಳು ದಾಟಿದರೆ ಎದೆಬಡಿತ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಹಾಸಿಗೆ ಮೇಲೆ ಮಲಗಿದ್ದ ಹಣಮಂತಪ್ಪನ ನಾಡಿ ಆಗಲೇ ನಲವತ್ತೆರಡಕ್ಕೆ ಇಳಿದಿತ್ತು. ಇಸಿಜಿ ಕಾಗದದ ಮೇಲೆ ಗೆರೆಗಳು ಜಾಲಿಮುಳ್ಳಿನ ಹಾಗೆ ಮೊನಚಾಗಿ ಎದ್ದಿದ್ದವು. ಬೆಳಿಗ್ಗೆ ಕುರಿದೊಡ್ಡಿಯಿಂದ ಏಳಲು ಹೋದವನಿಗೆ ಕಾಲಲ್ಲಿ ಬಲವೇ ಇರಲಿಲ್ಲವಂತೆ. ಔರಾದ ಕಡೆಯ ಹಳ್ಳಿಯಿಂದ ಮಗ ಸಂಜುಕುಮಾರ ಜೀಪಿನಲ್ಲಿ ಹಾಕಿಕೊಂಡು ಬೀದರಿಗೆ ತಂದಿದ್ದ.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಣಮಂತಪ್ಪ ನನ್ನ ರೋಗಿ. ಒಂದೂವರೆ ತಿಂಗಳ ಹಿಂದೆ ಇದೇ ಮನುಷ್ಯನ ಪೊಟ್ಯಾಸಿಯಂ ಐದು ಪಾಯಿಂಟ್ ಮೂರು ಇತ್ತು. ಊಟದಲ್ಲಿ ಪಥ್ಯ ಮಾಡಿದರೆ ಇನ್ನೆರಡು ವರ್ಷ ಡಯಾಲಿಸಿಸ್ ಇಲ್ಲದೆ ಕುರಿ ಮೇಯಿಸಿಕೊಂಡು ಇರಬಹುದು ಅಂತ ಡಾಕ್ಟರು ಹೇಳಿದ್ದರು. ಆ ಪಥ್ಯದ ಕಾಗದ ಬರೆದುಕೊಟ್ಟವಳು ನಾನು.

ನನ್ನ ಹೆಸರು ಪ್ರಣಾಲಿ. ಊರು ಭಾಲ್ಕಿ, ಓದಿದ್ದು ಕಲಬುರಗಿ. ಈ ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸ. ಹದಿನೈದು ದಿನಕ್ಕೊಮ್ಮೆ ನಮ್ಮ ತಂಡ ಭಾಲ್ಕಿಗೂ ಔರಾದಕ್ಕೂ ಹೋಗಿ ಕಿಡ್ನಿ ರೋಗಿಗಳನ್ನು ನೋಡಿ ಬರುತ್ತದೆ, ಒಬ್ಬೊಬ್ಬರ ಸರದಿ ಎರಡು ತಿಂಗಳಿಗೊಮ್ಮೆ. ನಾನು ಸೇರಿದಾಗ ಅವರಿಗೆಲ್ಲ ಕೊಡುತ್ತಿದ್ದದ್ದು ಎರಡು ಪುಟದ ಇಂಗ್ಲಿಷ್ ಪಟ್ಟಿ. ಬೆಂಗಳೂರಿನಲ್ಲಿ ಯಾರೋ ಮಾಡಿದ್ದು. ಅದರಲ್ಲಿ ತೊಗರಿಬೇಳೆ ಇಪ್ಪತ್ತೈದು ಗ್ರಾಂ, ಬೇಯಿಸಿದ ತರಕಾರಿ ನೂರು ಗ್ರಾಂ ಅಂತೆಲ್ಲ ಇತ್ತು. ತಕ್ಕಡಿ ಹಿಡಿದು ಅಡಿಗೆ ಮಾಡುವ ಹೆಂಗಸನ್ನು ನಮ್ಮ ಕಡೆ ನಾನು ಇನ್ನೂ ನೋಡಿಲ್ಲ. ಓದಲು ಬಾರದವರ ಕೈಗೆ ಇಂಗ್ಲಿಷ್ ಪಟ್ಟಿ ಕೊಟ್ಟು ಕಳಿಸುವುದು ಅಂದರೆ ಅವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಅಂತ ನಾನು ಮೀಟಿಂಗಿನಲ್ಲಿ ಜಗಳವನ್ನೇ ಆಡಿದ್ದೆ. ಹಾಗಾದರೆ ನೀನೇ ಕನ್ನಡದಲ್ಲಿ ಮಾಡು ಅಂದರು. ಮಾಡಿದೆ.

ಚೆನ್ನಾಗಿಯೇ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಪಥ್ಯ ಅಂತ ಬರೆಯದೆ ನಮ್ಮ ಜನ ಅನ್ನುವ ಹಾಗೆ ಪರೇಜ ಅಂತ ಬರೆದೆ. ಗ್ರಾಂ ತೆಗೆದು ಬೇಳೆಗೆ ಒಂದು ಮುಷ್ಟಿ, ಪಲ್ಯಕ್ಕೆ ಒಂದು ಸಣ್ಣ ಬಟ್ಟಲು ಅಂತ ಹಾಕಿದೆ. ಎರಡು ಪುಟವನ್ನು ಒಂದಕ್ಕೆ ಇಳಿಸಿದೆ. ಅಕ್ಷರ ಕಡಿಮೆ ಮಾಡಿ ಚಿತ್ರ ಬಿಡಿಸಿದೆ. ಬಾಳೆಹಣ್ಣು, ಎಳನೀರು, ಖರ್ಜೂರಕ್ಕೆ ಕೆಂಪು ಗೆರೆ. ರಾಗಿಗೂ ಕೆಂಪು ಗೆರೆ. ರಾಗಿಯದೇ ದೊಡ್ಡ ತಲೆನೋವಾಗಿತ್ತು. ನಮ್ಮದು ಜೋಳದ ರೊಟ್ಟಿಯ ನಾಡು, ರಾಗಿ ನಮ್ಮ ಹೊಲದಲ್ಲೂ ಇಲ್ಲ, ಒಲೆ ಮೇಲೂ ಇಲ್ಲ. ಆದರೆ ಈಚೆಗೆ ಯಾರಿಗೆ ಯಾವ ರೋಗ ಬಂದರೂ ರಾಗಿ ಗಂಜಿ ಕುಡಿಯಿರಿ, ಶಕ್ತಿ ಬರುತ್ತದೆ ಅನ್ನುವ ಸಲಹೆ ಫೋನಿನೊಳಗೆ ಓಡಾಡುತ್ತಿದೆ. ಸಂಜುಕುಮಾರನೂ ಬೀದರಿನ ಗಾಂಧಿ ಗಂಜ್ ಪೇಟೆಯಿಂದ ಐದು ಕಿಲೋ ರಾಗಿ ಹಿಟ್ಟು ಒಯ್ದಿದ್ದ. ಕಿಡ್ನಿ ಕೆಟ್ಟವರಿಗೆ ಅದು ಭಾರ, ಪೊಟ್ಯಾಸಿಯಮ್ಮೂ ಜಾಸ್ತಿ, ರಂಜಕವೂ ಜಾಸ್ತಿ. ಚಿತ್ರ ಬಿಡಿಸಿ ತೋರಿಸಿದರೆ ಹತ್ತರಲ್ಲಿ ಎಂಟು ಮಂದಿ ಸಾಸಿವೆ ಅಂದರು. ಕೊನೆಗೆ ಚಿಟಿಕೆ ರಾಗಿ ಕಾಳನ್ನೇ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪ್ರತಿ ಕಾಗದಕ್ಕೂ ಪಿನ್ ಹೊಡೆದೆ. ಅದನ್ನು ನೋಡಿ ಡಾಕ್ಟರು ಎಲ್ಲರೆದುರು ಹೊಗಳಿದರು. ನಾನೂ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಈಗ ಆ ಕಾಗದ ಹಿಡಿದ ಮನುಷ್ಯ ಸಾಯುವ ಅಂಚಿನಲ್ಲಿ ಮಲಗಿದ್ದ.

ಎದೆಯನ್ನು ಕಾಪಾಡಲು ಕ್ಯಾಲ್ಸಿಯಂ ಇಂಜೆಕ್ಷನ್ ಹೋಯಿತು. ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ನೂ ಗ್ಲೂಕೋಸೂ ಒಟ್ಟಿಗೆ ಹೋದವು. ಡಯಾಲಿಸಿಸ್ ಮಷಿನಿನ ಮೇಲಿದ್ದ ಇನ್ನೊಬ್ಬರ ಸರದಿಯನ್ನು ಬೇಗ ಮುಗಿಸಿ ಇವನನ್ನು ಹಾಕಿದರು. ಅದೆಲ್ಲ ನಡೆಯುವಾಗ ಡಾಕ್ಟರು ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು. "ಗುಳಿಗಿ ಅವೇ ಅವ, ಬದಲಾಗಿಲ್ಲ. ಜ್ವರ ಇಲ್ಲ, ವಾಂತಿ ಭೇದಿ ಇಲ್ಲ. ಇದು ಬಾಯಿಂದಾನೇ ಹೋಗ್ಯಾದ. ಏನು ತಿಂದಾನ ಅಂತ ಕೇಳ್ರಿ."

ಕೇಳಲು ಹೋದೆ. ಕೇಳಲಿಲ್ಲ, ಮೈಮೇಲೆ ಬಿದ್ದೆ ಅನ್ನುವುದೇ ಸರಿ. ಹಣಮಂತಪ್ಪನ ಹೆಂಡತಿ ಕಾಂತಾಬಾಯಿ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಹಸಿರು ಇಳಕಲ್ ಸೀರೆ, ಕೈತುಂಬ ಬಳೆ. ನನ್ನನ್ನು ನೋಡಿ ಎದ್ದು ನಿಂತಳು.

"ಕಾಕಿ, ಖರೇ ಹೇಳ್ರಿ. ಕಾಕಾಗ ಏನು ತಿನಿಸಿದ್ರಿ?"

"ನೀವು ಬರ‍್ದು ಕೊಟ್ಟಿದ್ದೇ ತಿನಿಸೀನ್ರಿ ಮೇಡಂ."

"ಬಾಳಿಹಣ್ಣು? ಎಳನೀರು?"

"ಇಲ್ರಿ."

"ರಾಗಿ ಗಂಜಿ?"

"ಆ ಹಿಟ್ಟು ಅವತ್ತೇ ಕುರಿಗಿ ಹಾಕೀವ್ರಿ. ನೀವು ಕಾಳ ಕೊಟ್ಟಿದ್ರಲ್ಲ, ಅದನ್ನ ತೋರಿಸಿ ಸೊಸಿಗೂ ಹೇಳೀನಿ."

"ನಾಟಿ ಔಷಧ ಏನರೆ ಕುಡಿಸಿದ್ರೇನು?"

"ದೇವರಾಣಿ ಇಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ರೋಗಿಯ ಮನೆಯವರು ಸುಳ್ಳು ಹೇಳುವುದು ನಮಗೇನು ಹೊಸದಲ್ಲ. ಹಬ್ಬ ಇತ್ತು ರೀ, ಬೀಗರು ಬಂದಿದ್ದರು ರೀ, ಒಂದು ತುಂಡು ರೀ ಅಂತ ಎರಡನೇ ದಿನ ಬಾಯಿ ಬಿಡುತ್ತಾರೆ. "ಆಕಾಶದಿಂದ ಬಂದು ಅವರ ಹೊಟ್ಟಿಗೆ ಬಿತ್ತೇನು ಹಂಗಾದ್ರ? ನಿಮ್ಮ ಕೈಯಾಗ ಊಟ ಅದ. ನೀವು ಹಾಕದೆ ಯಾರು ಹಾಕ್ತಾರ? ಗಂಡನ ಜೀವ ಹೋಗೋ ಹೊತ್ತಿನಾಗ ಸುಳ್ಳು ಹೇಳ್ತೀರಲ್ಲ" ಅಂದುಬಿಟ್ಟೆ. ವರಾಂಡದಲ್ಲಿದ್ದ ಜನ ಎಲ್ಲ ತಿರುಗಿ ನೋಡಿದರು. ಕಾಂತಾಬಾಯಿ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದಳು. ನನ್ನದೇ ಕಾಗದ. ಎಣ್ಣೆ ಕಲೆ, ಅರಿಸಿನದ ಕಲೆ, ಅಂಚೆಲ್ಲ ಹರಿದಿತ್ತು. ಗೋಡೆಗೆ ಅಂಟಿಸಿದ್ದನ್ನು ಕಿತ್ತುಕೊಂಡು ಬಂದಿದ್ದಳು.

"ಒಂದೊಂದು ಚಿತ್ರ ಮುಟ್ಟಿ ಮುಟ್ಟಿ ಮಾಡೀನ್ರಿ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ನಂಬಲು ಸುಲಭವಾಗುತ್ತಿತ್ತೇನೋ.

ನಾನು ನಂಬಲಿಲ್ಲ. ಕೇಸ್ ಪೇಪರಿನ ಮೇಲೆ 'ಮನೆಯವರು ಪಥ್ಯ ಪಾಲಿಸಿಲ್ಲ' ಅಂತ ಬರೆದು ಸಹಿ ಮಾಡಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪೊಟ್ಯಾಸಿಯಂ ಐದು ಪಾಯಿಂಟ್ ನಾಲ್ಕಕ್ಕೆ ಇಳಿದಿತ್ತು. ಹಣಮಂತಪ್ಪ ದಿಂಬಿಗೆ ಒರಗಿ ಕೂತು ಕುಬರಾಳ ಜೊತೆ ತನ್ನ ಕುರಿಗಳ ಸುದ್ದಿ ಮಾತಾಡುತ್ತಿದ್ದ. ನನಗೆ ಹಗುರವಾಯಿತು. ಕಾಕಾ, ಹೇಗಿದ್ದೀರಿ ಅಂತ ಕೇಳಿದೆ. "ಕಾಲಿಗಿ ಜೀವ ಬಂದಾದ್ರಿ ತಂಗಿ" ಅಂದ.

ಒಂಬತ್ತೂವರೆಯ ಹೊತ್ತಿಗೆ ರಾತ್ರಿ ಊರಿಗೆ ಹೋಗಿದ್ದ ಸಂಜುಕುಮಾರ ಔರಾದ ಬಸ್ಸಿನಲ್ಲಿ ಬಂದ. ಕೈಯಲ್ಲಿ ದಪ್ಪ ಬಟ್ಟೆ ಸುತ್ತಿದ ಹಾಲಿನ ಕ್ಯಾನು. ಕಾಂತಾಬಾಯಿ ಅದರ ಮುಚ್ಚಳ ತೆಗೆದು ಸ್ಟೀಲ್ ಗಿಲಾಸಿಗೆ ಸುರಿದಳು. ಹಬೆ ಆಡುತ್ತಿತ್ತು. ತಿಳಿ ಹಸಿರು, ಸ್ವಲ್ಪ ಹಳದಿ, ಮೇಲೆ ಜೀರಿಗೆ ಬೆಳ್ಳುಳ್ಳಿ ಒಗ್ಗರಣೆ ತೇಲುತ್ತಿತ್ತು. ಗಿಲಾಸು ತುಂಬಾ ತುಂಬಿಸಿ ಗಂಡನ ಕೈಗೆ ಕೊಟ್ಟಳು. ಅವನು ಊದಿಕೊಂಡು ಬಾಯಿಗೆ ಹಿಡಿಯುವಷ್ಟರಲ್ಲಿ ನಾನು ಕೇಳಿದೆ.

"ಅದೇನು ಕಾಕಿ?"

"ನೀವು ಹೇಳಿದ್ದೇ ರಿ. ಪಲ್ಯೆ ಬ್ಯಾಳಿ ಬಸಿದ ನೀರು. ಕಟ್ಟು."

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಹಣಮಂತಪ್ಪನ ಕೈಯಿಂದ ನಾನು ಗಿಲಾಸು ಕಿತ್ತುಕೊಂಡದ್ದು ನೆನಪಿದೆ. ಬಿಸಿ ನೀರು ನನ್ನ ಕೈಮೇಲೆ ಚೆಲ್ಲಿತು. ಸಂಜುಕುಮಾರ "ಏನಾತ್ರಿ, ಏನಾತ್ರಿ" ಅನ್ನುತ್ತಿದ್ದ. ಕಾಂತಾಬಾಯಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

ಕಿಡ್ನಿಯವರಿಗೆ ತರಕಾರಿ ಹಾಗೇ ಕೊಡುವಂತಿಲ್ಲ. ಸಣ್ಣಗೆ ಹೆಚ್ಚಬೇಕು, ನೀರಲ್ಲಿ ನೆನೆ ಹಾಕಬೇಕು, ಆಮೇಲೆ ಬೇರೆ ನೀರು ಜಾಸ್ತಿ ಹಾಕಿ ಕುದಿಸಬೇಕು, ಬಸಿಯಬೇಕು. ಆಗ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ತರಕಾರಿ ಹಗುರಾಗುತ್ತದೆ. ಬೇಳೆಗೂ ಹಾಗೇ. ಎಲ್ಲ ಇರುವುದು ಆ ನೀರಿನಲ್ಲೇ. ಆ ನೀರು ಕುಡಿಯುವುದು ಅಂದರೆ ಒಲೆ ಮೇಲೆ ಕಷ್ಟಪಟ್ಟು ತೆಗೆದ ವಿಷವನ್ನು ಸೋಸಿ ಕುಡಿದ ಹಾಗೆ.

"ಯಾವಾಗಿಂದ ಕುಡಿಸ್ತೀರಿ ಇದನ್ನ?" ಅಂದೆ.

"ನಿಮ್ಮ ಕಾಗದ ಬಂದಾಗಿಂದ ರಿ. ಎರಡು ಹೊತ್ತು."

"ಎಷ್ಟು ಪಲ್ಯೆದ ನೀರು?"

"ಮನಿ ಮಂದಿ ಎಲ್ಲಾರದೂ ಒಂದೇ ಬೋಗಣ್ಯಾಗ ಕುದಸ್ತೀವ್ರಿ. ಆರು ಮಂದಿದು. ಪಲ್ಯೆ ನಾವೆಲ್ಲ ತಿಂತೀವಿ, ಇವರಿಗಿ ಒಂದು ಬಟ್ಟಲಾ ಅಷ್ಟೇ ರಿ, ನೀವು ಹೇಳಿದಂಗ. ನೀರು ಮಾತ್ರ ಎಲ್ಲಾ ಇವರಿಗೇ. ಮಕ್ಕಳಿಗೂ ಕೊಡಲ್ರಿ. ಆಲೂಗಡ್ಡಿ, ಪಾಲಕ, ಟಮಾಟಿ, ಬ್ಯಾಳಿ, ಎಲ್ಲದರ ಸತ್ವ ಅದರಾಗೇ ಇರ್ತದಲ್ರಿ. ಕುಡ್ಯೋ ನೀರು ಕಡಿಮಿ ಮಾಡ್ರಿ ಅಂದಿದ್ರಿ, ಅದಕ್ಕ ಸಾದಾ ನೀರು ಕಮ್ಮಿ ಮಾಡಿ ಇದಕ್ಕ ಜಾಗ ಮಾಡೀನಿ."

ಆರು ಮಂದಿಯ ತರಕಾರಿಯ ಪೊಟ್ಯಾಸಿಯಂ, ಒಬ್ಬನ ಹೊಟ್ಟೆಗೆ, ದಿನಕ್ಕೆ ಎರಡು ಸಲ, ಒಂದೂವರೆ ತಿಂಗಳು. ನಮ್ಮ ಪಥ್ಯವನ್ನು ಅವಳು ಮುರಿದಿದ್ದರೆ ಅವನು ಇಷ್ಟು ಕೆಡುತ್ತಿರಲಿಲ್ಲ. ಕಾಗದ ಹರಿದು ಒಲೆಗೆ ಹಾಕಿ ಎಂದಿನ ಊಟ ಹಾಕಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

"ಬಸಿದ ನೀರು ಕುಡಿಸ್ರಿ ಅಂತ ಯಾರು ಹೇಳಿದ್ರು ಕಾಕಿ?"

ಅವಳು ಕಾಗದ ತೆಗೆದು ಹಾಸಿಗೆ ಮೇಲೆ ಹರಡಿದಳು. ಕೆಳಗಿನ ಸಾಲಿನಲ್ಲಿ ನಾಲ್ಕು ಚಿತ್ರ. ಹೆಚ್ಚುವುದು, ನೆನೆ ಹಾಕುವುದು, ಕುದಿಸುವುದು, ಬಸಿಯುವುದು. ಅವಳ ಬೆರಳು ಕೊನೆಯದರ ಮೇಲೆ ನಿಂತಿತು. ಬೋಗುಣಿ ಬಾಗಿಸಿದೆ, ಜರಡಿಯಿಂದ ನೀರು ಇಳಿಯುತ್ತಿದೆ, ಕೆಳಗೆ ಒಂದು ಪಾತ್ರೆ ಇದೆ. ನೀರು ನೀಟಾಗಿ ಅದರೊಳಗೆ ಬೀಳುತ್ತಿದೆ.

"ನನಗ ಓದ್ಲಾಕ ಬರಲ್ರಿ ಮೇಡಂ. ಚಿತ್ರ ನೋಡ್ದೆ. ಚೆಲ್ಲೋದಿದ್ರ ಕೆಳಗ ಪಾತ್ರಿ ಯಾಕ ಇಡ್ತಿದ್ರಿ ಅಂತ ತಿಳ್ಕೊಂಡೆ. ನೆನಿ ಹಾಕಿದ ನೀರು ಹಸಿ ಇರ್ತದ, ಅದನ್ನ ಕುರಿಗಿ ಹಾಕ್ದೆ. ಕುದಿಸಿದ್ದು ಬಸಿದು ಇವರಿಗಿ ಕೊಟ್ಟೆ. ಬಸಿದ ಕಟ್ಟು ಯಾರರೆ ಚೆಲ್ತಾರೇನ್ರಿ?"

ಯಾರೂ ಚೆಲ್ಲುವುದಿಲ್ಲ. ನಮ್ಮ ಸೀಮೆಯಲ್ಲಿ ಯಾರೂ ಚೆಲ್ಲುವುದಿಲ್ಲ, ನನಗೆ ಗೊತ್ತಿತ್ತು. ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ಕಟ್ಟಿಗೆ ಒಗ್ಗರಣೆ ಹಾಕಿದರೆ ಆ ಸಾರಿಗೆ ಮನೆಮಂದಿ ಮುಗಿಬೀಳುತ್ತಾರೆ. ಬಾಣಂತಿಗೆ ಕಟ್ಟು, ಜ್ವರ ಬಿಟ್ಟವರಿಗೆ ಕಟ್ಟು, ಹಲ್ಲಿಲ್ಲದ ಮುದುಕರಿಗೆ ಕಟ್ಟು. ನನಗೆ ಟೈಫಾಯಿಡ್ ಬಂದಾಗ ಭಾಲ್ಕಿಯಲ್ಲಿ ನನ್ನಜ್ಜಿ ಹದಿನೈದು ದಿನ ನನ್ನನ್ನು ಉಳಿಸಿದ್ದೇ ತೊಗರಿಬೇಳೆ ಕಟ್ಟಿನ ಮೇಲೆ. ಇಷ್ಟೆಲ್ಲ ಗೊತ್ತಿದ್ದವಳು, ಗ್ರಾಮನ್ನು ಮುಷ್ಟಿ ಮಾಡಿದವಳು, ರಾಗಿ ಕಾಳಿಗೆ ಪಿನ್ ಹೊಡೆದವಳು, ಕುರ್ಚಿ ಮೇಲೆ ಕೂತು ಕನ್ನಡ ಮಾಡುವಾಗ ಅಡಿಗೆಮನೆಯನ್ನೇ ಮರೆತಿದ್ದೆ.

ಹಾಸಿಗೆ ಮೇಲಿಂದ ಹಣಮಂತಪ್ಪ ಕೇಳಿದ. "ಕುಡೀಬಾರದೇನ್ರಿ ಅದನ್ನ?"

ಉತ್ತರ ಕೊಡದೆ ಇರುವ ಹಾಗಿರಲಿಲ್ಲ. ಕೂತೆ. ಕಾಂತಾಬಾಯಿಯ ಕೈ ಹಿಡಿದೆ. ತರಕಾರಿಯೊಳಗೆ ಒಂದು ಥರದ ಕ್ಷಾರ ಇರುತ್ತದೆ, ಚೆನ್ನಾಗಿರುವವರಿಗೆ ಅದು ಬೇಕು, ಕಾಕಾನ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ, ಕುದಿಸಿದಾಗ ಅದು ನೀರಿಗೆ ಬರುತ್ತದೆ, ಆ ನೀರು ಚೆಲ್ಲಬೇಕಿತ್ತು ಅಂತ ಹೇಳಿದೆ. ಎರಡು ನಿಮಿಷದ ಮಾತು. ಈ ಎರಡು ನಿಮಿಷದ ಮಾತನ್ನು ಔರಾದದಲ್ಲಿ ನಾನು ಹೇಳಿರಲಿಲ್ಲ. ಕಾರಣ ಹೇಳಿದರೆ ಓದಿಲ್ಲದವರಿಗೆ ಗೊಂದಲ ಆಗುತ್ತದೆ, ಏನು ಮಾಡಬೇಕು ಅಷ್ಟೇ ಹೇಳಿದರೆ ಸಾಕು ಅಂತ ನನ್ನ ಜಾಣತನ.

ಕಾಂತಾಬಾಯಿ ಪೂರಾ ಕೇಳಿಸಿಕೊಂಡಳು. ಆಮೇಲೆ ತನ್ನ ಬಲಗೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು.

"ನಾನೇ ಕುಡಿಸೀನಿ" ಅಂದಳು. "ಅವರು ಬ್ಯಾಡ ಅಂದ್ರೂ ಬೈದು ಬೈದು ಕುಡಿಸೀನಿ."

"ನಿಮ್ಮ ತಪ್ಪಲ್ಲ ಕಾಕಿ. ನನ್ನ ಕಾಗದದ ತಪ್ಪು. ಚೆಲ್ರಿ ಅಂತ ನಾ ಬರೀಲಿಲ್ಲ. ಪಾತ್ರಿ ಬರ‍್ದವಳು ನಾನು. ನಿನ್ನೆ ನಾ ನಿಮಗ ಅಂದದ್ದೂ ತಪ್ಪು."

ಅವಳು ಕ್ಯಾನನ್ನು ಮಗನ ಕೈಗೆ ಕೊಟ್ಟು "ಹೊರಗ ಚೆಲ್ಲಿ ಬಾ" ಅಂದಳು. ಹಣಮಂತಪ್ಪ ಅವಳ ಕಡೆ ತಿರುಗಿ "ರುಚಿ ಛಲೋ ಇತ್ತು ಬಿಡು" ಅಂದ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ನನ್ನ ಕೋಣೆಗೆ ಬಂದು ಫೈಲು ತೆಗೆದೆ. ಇಂಗ್ಲಿಷ್ ಪಟ್ಟಿಯ ಮೇಲೆ ನಾನು ಕನ್ನಡ ಮಾಡುವಾಗ ಗುರುತು ಹಾಕಿದ್ದ ಪ್ರತಿ ಅಲ್ಲೇ ಇತ್ತು. ಅದರಲ್ಲಿ ಬಸಿದು ನೀರನ್ನು ಚೆಲ್ಲಿರಿ ಅಂತ ಸ್ಪಷ್ಟವಾಗಿತ್ತು. ಚೆಲ್ಲಿರಿ ಅನ್ನುವ ಪದದ ಮೇಲೆ ನನ್ನದೇ ಹಸಿರು ಪೆನ್ನಿನ ಗೆರೆ. ನೆನಪಾಯಿತು. ಐದು ಚಿತ್ರ ಒಂದು ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಬಸಿದ ಮೇಲೆ ಚೆಲ್ಲದೆ ಇನ್ನೇನು ಮಾಡುತ್ತಾರೆ ಅಂತ ಅಂದುಕೊಂಡು ಒಂದನ್ನು ಹೊಡೆದುಹಾಕಿದ್ದೆ. ಕೆಳಗೆ ಪಾತ್ರೆ ಇಟ್ಟದ್ದು, ನೀರು ಗಾಳಿಯಲ್ಲಿ ನಿಂತ ಹಾಗೆ ಕಾಣಬಾರದು, ಚಿತ್ರ ಚೆಂದ ಕಾಣಲಿ ಅಂತ. ಔರಾದದಲ್ಲಿ ಕಾಂತಾಬಾಯಿಯನ್ನು ಕೂರಿಸಿಕೊಂಡು ಒಪ್ಪಿಸು ಅಂದಿದ್ದೆ. ಹೆಚ್ಚಬೇಕ್ರಿ, ನೆನಿ ಹಾಕಬೇಕ್ರಿ, ಕುದಸ್ಬೇಕ್ರಿ, ಬಸೀಬೇಕ್ರಿ ಅಂತ ಸಾಲಿ ಹುಡುಗಿಯ ಹಾಗೆ ಒಪ್ಪಿಸಿದ್ದಳು. ಶಭಾಷ್ ಅಂದಿದ್ದೆ. ಆಮೇಲೆ ಆ ನೀರು ಏನು ಮಾಡುತ್ತೀರಿ ಅಂತ ಒಂದು ಮಾತು ಕೇಳಿರಲಿಲ್ಲ.

ಎರಡೂ ಕಾಗದ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಕೇಸ್ ಪೇಪರಿನ ಮೇಲೆ ನಾನು ಬರೆದದ್ದನ್ನು ಹೊಡೆದುಹಾಕಿ 'ಪಥ್ಯದ ಕಾಗದದಲ್ಲಿ ತಪ್ಪು' ಅಂತ ಬರೆಯಬೇಕು ಅಂದೆ. ಅವರು ನಾಲ್ಕನೇ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಇದರ ಎಷ್ಟು ಪ್ರತಿ ಕೊಟ್ಟೀರಿ ಪ್ರಣಾಲಿ?"

ಅಲ್ಲಿಯವರೆಗೆ ನನಗೆ ಹಣಮಂತಪ್ಪ ಒಬ್ಬನೇ ಕಾಣುತ್ತಿದ್ದ.

"ನಲವತ್ತಮೂರು."

"ಫೋನ್ ಹಚ್ಚ್ರಿ. ಈಗ."

ರಿಜಿಸ್ಟರು ತೆರೆದು ಕೂತೆ. ಕುಬರಾ ಅರ್ಧ ಹೆಸರು ತೆಗೆದುಕೊಂಡಳು. ಕೇಳುವುದು ಒಂದೇ ಪ್ರಶ್ನೆ. ಬಸಿದ ನೀರು ಏನು ಮಾಡುತ್ತೀರಿ? ಮನ್ನಳ್ಳಿಯ ಒಬ್ಬಾಕೆ ಅದರಲ್ಲೇ ರೊಟ್ಟಿ ಹಿಟ್ಟು ನಾದುತ್ತಿದ್ದಳು. ಭಾಲ್ಕಿಯ ಮಾಸ್ತರರ ಮನೆಯಲ್ಲಿ ಅದು ಸಾರಾಗುತ್ತಿತ್ತು. ಔರಾದದ ಅಬ್ದುಲ ಅಜೀಜ ಚಾಚಾ ಅದಕ್ಕೆ ಲಿಂಬೆ ಹಿಂಡಿ ಕುಡಿಯುತ್ತೇನೆ, ದಮ್ಮು ಹತ್ತುವುದು ಕಡಿಮೆಯಾಗಿದೆ ಅಂದರು. ಅವರನ್ನು ಈಗಲೇ ಹೊರಟು ಬರಲು ಹೇಳಿದೆ. ಒಬ್ಬಾಕೆ ಎಮ್ಮೆಗೆ ಹಾಕುತ್ತೇನೆ ಅಂದಳು, ಆ ಎಮ್ಮೆ ನೂರು ವರ್ಷ ಬಾಳಲಿ ಅಂದುಕೊಂಡೆ. ಚೆಲ್ಲುತ್ತೇವೆ ಅಂದವರು ಒಂಬತ್ತು ಮನೆಯವರು. ಉಳಿದವರೆಲ್ಲ ಒಂದಲ್ಲ ಒಂದು ಥರ ರೋಗಿಯ ಹೊಟ್ಟೆಗೇ ಹಾಕುತ್ತಿದ್ದರು. ಪ್ರತಿಯೊಬ್ಬರೂ ಹೆಮ್ಮೆಯಿಂದ ಹೇಳುತ್ತಿದ್ದರು. ಎಲ್ಲರಿಗೂ ಚೆಲ್ಲಿರಿ, ಚೆಲ್ಲಿರಿ, ನಾಳೆ ಬಂದು ರಕ್ತ ಕೊಡಿರಿ ಅಂತ ಹೇಳಿದ್ದನ್ನೇ ಹೇಳಿದೆ.

ಮಧ್ಯಾಹ್ನ ಮೂರಕ್ಕೆ ಮೆಹಕರದ ಕಾಶೀರಾಮನ ನಂಬರಿಗೆ ಹಚ್ಚಿದೆ. ಮಹಾರಾಷ್ಟ್ರದ ಗಡಿಯ ಊರು, ಭಾಲ್ಕಿ ಶಿಬಿರಕ್ಕೆ ಗಂಡ ಹೆಂಡತಿ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದರು. ಫೋನು ಎತ್ತಿದ್ದು ಹೆಂಡತಿ ಕೌಸಲ್ಯಾಬಾಯಿ.

"ಕೌಸಲ್ಯಾಕಾಕಿ, ನಾ ಪ್ರಣಾಲಿ, ಬೀದರ ದವಾಖಾನಿಯಿಂದ. ಕಾಶೀರಾಮ ಕಾಕಾ ಹ್ಯಾಂಗ ಇದ್ದಾರ?"

"ಅವರು ಹೋಗಿ ಇಪ್ಪತ್ತು ದಿನ ಆತ್ರಿ ತಂಗಿ."

ಅವಳೇ ಮುಂದುವರಿಸಿದಳು. ಉಂಡು ಕಟ್ಟೆ ಮೇಲೆ ಕೂತಿದ್ದರಂತೆ. ಕಾಲು ಎಳೆದಂಗೆ ಆಗುತ್ತದೆ ಅಂದರಂತೆ. ಹಾಗೇ ಒರಗಿದರಂತೆ. ಎದೆ ನಿಂತಿದೆ ಅಂತ ಭಾಲ್ಕಿಯಲ್ಲಿ ಹೇಳಿದರಂತೆ. ವಯಸ್ಸಾಗಿತ್ತು, ತ್ರಾಸಿಲ್ಲದೆ ಹೋದರು ಅಂತ ಊರವರು ಸಮಾಧಾನ ಹೇಳಿದ್ದಾರಂತೆ.

"ಕಡೀ ದಿನಾನೂ ಗಿಲಾಸ ತುಂಬ ಕಟ್ಟು ಕುಡಿದೇ ಹೋಗ್ಯಾರ‍್ರಿ. ನೀವು ಹೇಳಿದ್ದ ಒಂದೂ ತಪ್ಪಿಸಿಲ್ಲ. ಅದೊಂದೇ ನನಗ ಸಮಾಧಾನ" ಅಂದಳು.

ಕಾಶೀರಾಮನ ಎದೆ ಯಾಕೆ ನಿಂತಿತು ಅನ್ನುವುದು ಯಾರಿಗೂ ಗೊತ್ತಿಲ್ಲ. ರಕ್ತ ಯಾರೂ ನೋಡಿಲ್ಲ. ನನ್ನ ಕಾಗದವೇ ಕೊಂದಿತು ಅಂತ ಹೇಳಲು ಬರುವುದಿಲ್ಲ, ಕೊಂದಿಲ್ಲ ಅಂತಲೂ ಹೇಳಲು ಬರುವುದಿಲ್ಲ. ಕೌಸಲ್ಯಾಬಾಯಿಯ ಮನೆಯಲ್ಲಿ ಇನ್ನು ಕಟ್ಟು ಕುಡಿಯುವವರು ಯಾರೂ ಇಲ್ಲ. ಅವಳಿಗೆ ಉಳಿದಿರುವ ಒಂದೇ ಒಂದು ಸಮಾಧಾನವನ್ನು ನಾನು ಯಾಕೆ ಕಿತ್ತುಕೊಳ್ಳಲಿ ಅನ್ನಿಸಿತು. ಹೇಡಿತನವೋ ಕರುಣೆಯೋ, ಎರಡೂ ಇರಬೇಕು. ಆಯಿತು ಕಾಕಿ, ನಿಮ್ಮ ಆರೋಗ್ಯ ನೋಡಿಕೊಳ್ಳಿರಿ ಅಂತ ಹೇಳಿ ಇಡುವವಳಿದ್ದೆ.

"ನಿಮ್ಮ ಕಾಗದ ಮಾತ್ರ ಹಾಳು ಮಾಡಿಲ್ರಿ" ಅಂದಳು ಅವಳು. "ಭಾಲ್ಕಿದಾಗ ನನ್ನ ತಮ್ಮ ಇದ್ದಾನ. ಅವನಿಗೂ ಕಿಡ್ನಿದೇ ತ್ರಾಸು. ಇವರ ತಿಥಿ ಆದ ಮ್ಯಾಲ ನಾನೇ ಒಯ್ದು ಅವನ ಮನ್ಯಾಗ ಹಚ್ಚಿ ಬಂದೀನಿ. ಅವನ ಹೇಂತಿಗಿ ಓದ್ಲಾಕ ಬರಲ್ಲ, ನಾ ಎರಡು ದಿನ ಇದ್ದು ಎಲ್ಲಾ ಮಾಡಿ ತೋರಿಸೀನಿ. ದಿನಾ ಕುಡೀಲತ್ತಾನ."

ನಾನು ಕಣ್ಣು ಮುಚ್ಚಿಕೊಂಡೆ. ಎದುರಿಗೆ ಕುಬರಾ ಇನ್ನೊಂದು ಫೋನಿನಲ್ಲಿ ಚೆಲ್ಲಿರಿ ಅಂತ ಯಾರಿಗೋ ಹೇಳುತ್ತಿದ್ದಳು.

"ಕಾಕಿ, ಆ ನೀರು ಕುಡಿಸಬಾರದಿತ್ತು" ಅಂದೆ. "ಚೆಲ್ಲಬೇಕಿತ್ತು. ಕಾಗದದಾಗ ನಾ ತಪ್ಪು ಮಾಡೀನಿ. ಕಿಡ್ನಿ ಕೆಟ್ಟವರಿಗೆ ಅದು ಎದಿಗೆ ತ್ರಾಸ ಮಾಡ್ತದ. ನಿಮ್ಮ ತಮ್ಮಗ ಇವತ್ತೇ ನಿಲ್ಲಿಸ್ರಿ. ನಾಳಿಗಿ ಬೀದರಿಗೆ ಕಳಸ್ರಿ, ನಾನೇ ನಿಂತು ರಕ್ತ ನೋಡಸ್ತೀನಿ."

ಬೈಯಲಿ, ಶಾಪ ಹಾಕಲಿ ಅಂತ ಕಾದೆ. ಅವಳು ಮೆಲ್ಲಗೆ ಕೇಳಿದಳು.

"ನಾ ಒಂದೇ ಗಿಲಾಸ ಕುಡಿಸ್ತಿದ್ದೆ ರಿ. ದಿನಕ್ಕ ಒಂದೇ. ಒಂದು ಗಿಲಾಸದಿಂದ ಏನೂ ಆಗಲ್ಲ ಅಲ್ರಿ ತಂಗಿ?"

ಏನೂ ಆಗಲ್ಲ ಅನ್ನುವ ಮಾತು ನನ್ನ ಬಾಯಿತುದಿಗೆ ಬಂತು. ಆ ಒಂದು ಮಾತಿನಿಂದ ಅವಳು ಇವತ್ತು ನಿದ್ದೆ ಮಾಡುತ್ತಿದ್ದಳು. ಆದರೆ ಅವಳು ಹೇಳಿಕೊಟ್ಟ ಪ್ರಕಾರ ತಮ್ಮನೂ ದಿನಕ್ಕೆ ಒಂದೇ ಗಿಲಾಸು ಕುಡಿಯುತ್ತಿರಬೇಕು. ಏನೂ ಆಗಲ್ಲ ಅಂದರೆ ಅವನು ನಾಳೆಯೂ ಕುಡಿಯುತ್ತಾನೆ.

"ಒಂದು ಗಿಲಾಸೂ ಬ್ಯಾಡ್ರಿ ಕಾಕಿ" ಅಂದೆ. "ಒಂದು ಗುಟುಕೂ ಬ್ಯಾಡ."

"ಹೌದಾ" ಅಂದಳು ಕೌಸಲ್ಯಾಬಾಯಿ. ಆಮೇಲೆ, "ಇಡ್ರಿ ಹಂಗಾದ್ರ. ತಮ್ಮಗ ಫೋನ್ ಹಚ್ತೇನಿ."